ಬಿಳಿಮುಗಿಲು, ಬೆಳ್ಮುಗಿಲು

ನಮ್ಮ ಆಸ್ಪತ್ರೆಯ ಲೆಕ್ಕಪತ್ರ ವಿಭಾಗದ ಆಕೆಗೆ ‘ಒಂದೇ ಅಕ್ಕ’ ಎಂದು ಹೆಸರಿಟ್ಟವನು ನಾನೇ ಎಂದು ಎಲ್ಲರೂ ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ಇಟ್ಟವನು ಲಿಫ್ಟಿನವನು, ಊರೆಲ್ಲ ಹಬ್ಬಿಸಿದವನು ಮಾತ್ರ ನಾನು. ಲಿಫ್ಟಿನಲ್ಲಿ ಯಾರಾದರೂ ಎರಡು ಬಿಲ್ಲು ಹಿಡಿದು ಎದುರಾದರೆ ಸಾಕು, ಅಕ್ಕ ಕನ್ನಡಕ ಹಣೆಗೇರಿಸಿ ನೋಡಿ, “ಎರಡೂ ಒಂದೇ ಕಣಪ್ಪ, ಹೋಗು” ಎನ್ನುತ್ತಿದ್ದಳು. ಹೆಸರು ಅಲ್ಲಿಂದ ಅಂಟಿಕೊಂಡಿತು. ಅವಳು ಅದಕ್ಕೆ ಮೂಗು ಮುರಿದದ್ದೂ ಇಲ್ಲ, ನಕ್ಕದ್ದೂ ಇಲ್ಲ. ಅಷ್ಟು ಮಾಡಲಿಕ್ಕೂ ಅವಳಲ್ಲಿ ತ್ರಾಣ ಉಳಿದಿರುತ್ತಿರಲಿಲ್ಲ.

ನಾನು ಕೆಳಗಿನ ಸ್ಟೋರ್ಸಿನವನು. ಸಾಮಾನು ಬಂದರೆ ಎಣಿಸಿ ಒಳಗೆ ತೆಗೆದುಕೊಂಡು, ಬಂತು ಎಂದು ಕಂಪ್ಯೂಟರಿಗೆ ಹೇಳುವುದು ನನ್ನ ಪಾಡು. ನಾನು ಹೇಳಿದ ಮೇಲೆ ಬಿಲ್ಲು ಮೂರನೇ ಮಹಡಿಗೆ, ಅಕ್ಕನ ಮೇಜಿಗೆ ಹೋಗುತ್ತದೆ. ಅಲ್ಲಿಂದ ಅವಳ ಪಾಡು ಶುರು. ಅವಳು ನನ್ನನ್ನು ‘ಸ್ಟೋರಪ್ಪ’ ಎಂದು ಕರೆಯುತ್ತಾಳೆ. ಅದೂ ಅಂಟಿಕೊಂಡಿದೆ, ಬಿಡಿ.

ಅವಳ ಕೆಲಸ ಏನೆಂದು ಹೇಳಿದರೆ ಇದೂ ಒಂದು ಕೆಲಸವೇ ಎನ್ನುತ್ತೀರಿ. ಆಸ್ಪತ್ರೆಗೆ ಸಾಮಾನು ಕೊಡುವ ಪ್ರತಿಯೊಬ್ಬರಿಗೂ ಕಂಪ್ಯೂಟರಿನಲ್ಲಿ ಒಂದು ನಂಬರಿದೆ. ಆ ನಂಬರಿನ ಕೆಳಗೆ ಅವರ ಸರಿಯಾದ ಹೆಸರು, ವಿಳಾಸ, ತೆರಿಗೆ ನಂಬರು, ಫೋನು, ಬ್ಯಾಂಕ್ ಖಾತೆ. ಇದಕ್ಕೆ ಅವರು ಮಾಸ್ಟರ್ ಎನ್ನುತ್ತಾರೆ. ಒಬ್ಬರಿಗೆ ಒಂದೇ ನಂಬರು ಇರಬೇಕು ಎನ್ನುವುದು ಕಟ್ಟಳೆ. ಆದರೆ ಬಿಲ್ಲು ಬರೆಯುವವರು ಮನುಷ್ಯರಲ್ಲವೇ? ಬಲ್ಬು ಕೊಡುವವನನ್ನೇ ತೆಗೆದುಕೊಳ್ಳಿ. ಮಾಸ್ಟರಿನಲ್ಲಿ ಅವನು ‘ಮೂರುದೀಪ ಎಲೆಕ್ಟ್ರಿಕಲ್ಸ್’. ಬಿಲ್ಲಿನಲ್ಲಿ ಒಮ್ಮೆ ‘ಮೂರು ದೀಪ ಇಲೆಕ್ಟ್ರಿಕಲ್’, ಒಮ್ಮೆ ‘ಮೂ. ದೀ. ಎಲೆಕ್ಟ್ರಿಕಲ್ ವರ್ಕ್ಸ್’, ಅವಸರದಲ್ಲಿದ್ದ ದಿನ ‘ಮುರುದೀಪ’. ಅವನ ಮಗ ಓದಿಕೊಂಡು ಬಂದು ಗಲ್ಲಾದ ಮೇಲೆ ಕೂತ ಮೇಲೆ ‘ತ್ರೀ ಲ್ಯಾಂಪ್ಸ್’ ಎಂದು ಹೊಸ ಬಿಲ್ ಪುಸ್ತಕವನ್ನೇ ಅಚ್ಚು ಹಾಕಿಸಿಬಿಟ್ಟ! ಹೊಸದಾಗಿ ಬಂದ ಗುಮಾಸ್ತರು ಇದನ್ನೆಲ್ಲ ನೋಡಿ ಬೇರೆ ಬೇರೆ ಅಂಗಡಿ ಎಂದುಕೊಂಡು ತಲೆಗೊಂದರಂತೆ ನಂಬರು ಕೊಡುತ್ತಾರೆ. ಹಾಗಾದರೆ ಒಂದೇ ಬಿಲ್ಲು ಎರಡು ನಂಬರಿನಲ್ಲಿ ಎರಡು ಸಲ ಒಳಗೆ ಬಂದರೂ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದು ಒಂದು ನಂಬರಿನ ಒಳಗಷ್ಟೇ ಬಿಲ್ಲುಗಳನ್ನು ತಾಳೆ ನೋಡುತ್ತದೆ. ಅಕ್ಕ ದಿನವಿಡೀ ಮಾಡುವುದು ಇದೇ: ಈ ಹೆಸರು ಆ ಹೆಸರೇ ಎಂದು ಗುರುತಿಸಿ, ಚೆಲ್ಲಾಪಿಲ್ಲಿಯಾದವರನ್ನು ಅವರವರ ಮನೆಗೆ ಸೇರಿಸುವುದು.

ಕಿಟಕಿಯ ಪಕ್ಕ ಅವಳ ಮೇಜು. ಕಿಟಕಿ ತೆರೆದರೆ ಲಾಂಡ್ರಿಯ ಹಬೆ ಒಳಗೆ ಬರುತ್ತದೆಂದು ಯಾವಾಗಲೂ ಮುಚ್ಚಿಯೇ ಇರುತ್ತದೆ. ತಲೆಯ ಮೇಲಿನ ಫ್ಯಾನು ತಿರುಗುವುದಕ್ಕಿಂತ ಹೆಚ್ಚಾಗಿ ಗೊಣಗುತ್ತದೆ. ಮೇಜಿನ ಮೇಲೆ ನೋವಿನ ಮುಲಾಮಿನ ಡಬ್ಬಿ, ಕಣ್ಣಿನ ಹನಿಯ ಶೀಶೆ, ಚಹಾದ ಕಲೆಯ ಲೋಟ. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕುರ್ಚಿ. ಅವಳ ಕೈಕೆಳಗೆ ಕಲಿತವರು ಮೇಲಿನ ಕುರ್ಚಿಗೆ ಹೋಗಿ, ಅಲ್ಲಿಂದ ಬೇರೆ ಆಸ್ಪತ್ರೆಗೂ ಹಾರಿದರು. ಇವಳು ಕದಲಲಿಲ್ಲ. “ಹೋಗಿ ಏನು ಮಾಡ್ಲಿ ಸ್ಟೋರಪ್ಪಾ? ಅಲ್ಲೂ ಜನ ಹೆಸರು ತಪ್ಪಾಗೇ ಬರೀತಾರೆ” ಎಂದು ಹಣೆಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು.

ಮನೆಯಲ್ಲೂ ಅವಳಿಗೆ ಬಿಡುವಿರಲಿಲ್ಲ. ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಮಂಡಿ ಕೈಕೊಟ್ಟು ಮನೆ ಹಿಡಿದವನು. ಒಮ್ಮೆ ಅವನ ಫೋನನ್ನು ನನಗೆ ತೋರಿಸಿದಳು. ಒಳಗೆ ‘ಪ್ಲಂಬರ್’, ‘ಪ್ಲಂಬರ್ ಹೊಸಬ’, ‘ಪ್ಲಂಬರ್ ಬೇಡ’, ‘ಪ್ಲಂಬರ್ ಬೇಡ ಅಂದವನ ತಮ್ಮ’. ನಾನು ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತುಬಿಟ್ಟೆ.

“ನಗು, ನಗು. ನಲ್ಲಿ ಸೋರಿದ್ರೆ ಯಾರಿಗೆ ಫೋನ್ ಮಾಡ್ಲಿ ಅಂತ ನನ್ನೇ ಕೇಳ್ತಾರೆ. ಆಫೀಸಲ್ಲಿ ಮಾಡಿದ್ದು ಸಾಲದು ಅಂತ ಮನೇಲೂ ಇದೇ ಹಣೆಬರಹ” ಎಂದಳು.

ಆ ವರ್ಷ ಮೇಲಿನವರಿಗೆ ಮಾಸ್ಟರನ್ನು ತೊಳೆದು ಚೊಕ್ಕ ಮಾಡುವ ಹುಕಿ ಹತ್ತಿತು. ಹೊಸ ಸಾಫ್ಟ್‌ವೇರ್ ಬಂತು. ಹೋಲುವ ಹೆಸರುಗಳನ್ನು ಜೋಡಿ ಜೋಡಿಯಾಗಿ ತೋರಿಸಿ, ಎಷ್ಟು ಹೋಲುತ್ತವೆ ಎಂದು ಅಂಕ ಕೊಡುತ್ತಿತ್ತು. ಒಂದೇ ಅಥವಾ ಬೇರೆ, ಇದನ್ನು ಅಕ್ಕ ಹೇಳಬೇಕು. ಒಂದೇ ಎಂದರೆ ಒಂದು ನಂಬರು ಉಳಿಯುತ್ತದೆ, ಇನ್ನೊಂದಕ್ಕೆ ಬೀಗ ಬಿದ್ದು ‘ಈ ನಂಬರು ನೋಡಿ’ ಎಂದು ಕೈಕಂಬ ಹಾಕಲಾಗುತ್ತದೆ. ಬಾಕಿ ಇರುವ ಆರ್ಡರುಗಳೆಲ್ಲ ಉಳಿದ ನಂಬರಿಗೆ ಹೋಗುತ್ತವೆ. ಅದರ ಮೇಲೆ ಹಿರಿಯ ಲೆಕ್ಕಿಗರು ಒಪ್ಪಿಗೆ ಒತ್ತಬೇಕು. ಅವರೋ ಪಟ್ಟಿಗಟ್ಟಲೆ ಒಟ್ಟಿಗೆ ಒತ್ತುತ್ತಿದ್ದರು, ಅಕ್ಕನ ಕಣ್ಣಿನ ಮೇಲೆ ಅಷ್ಟು ಭರವಸೆ. ಆ ಕಣ್ಣಿಗೆ ಹನಿ ಬಿಟ್ಟುಕೊಂಡು ಕೂತಿದ್ದವಳು ಅವಳೊಬ್ಬಳೇ.

ಇನ್ನು ವಿಷಯಕ್ಕೆ ಬರುತ್ತೇನೆ.

ನಮಗೆ ಹಾಸಿಗೆ ಹೊದಿಕೆ ಕೊಡುತ್ತಿದ್ದವನ ಅಂಗಡಿ ‘ಬೆಳ್ಮುಗಿಲು ಲಿನನ್ಸ್’. ಆಪರೇಷನ್ ಕೋಣೆಯ ಗೌನು ಹೊಲಿದು ಕೊಡುತ್ತಿದ್ದ ಹೆಂಗಸಿನದು ‘ಬಿಳಿಮುಗಿಲು ಹೊಲಿಗೆ ಕೇಂದ್ರ’. ಆಕೆಯನ್ನು ನಾವು ಟೈಲರಮ್ಮ ಎನ್ನುತ್ತಿದ್ದೆವು. ತಿಂಗಳಿಗೊಮ್ಮೆ ಆಟೋದಲ್ಲಿ ಗಂಟು ತಂದು ನನ್ನ ಮುಂದೆ ಇಳಿಸಿ, ಒಂದೊಂದನ್ನೂ ಬಿಡಿಸಿ ತೋರಿಸಿ ಹೋಗುತ್ತಿದ್ದಳು. ಒಂದು ಹೊಲಿಗೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ನಾನು ಸುಲಭಕ್ಕೆ ಹೊಗಳುವವನಲ್ಲ, ಸ್ಟೋರ್ಸಿನಲ್ಲಿ ಯಾರನ್ನು ಬೇಕಾದರೂ ಕೇಳಿ.

ಆ ತಿಂಗಳು ಗಂಟು ಬಂದಾಗ ನನ್ನ ಕಂಪ್ಯೂಟರು ಅದನ್ನು ಸುತರಾಂ ಒಪ್ಪಲಿಲ್ಲ. ‘ಈ ಸರಬರಾಜುದಾರರನ್ನು ತಡೆಹಿಡಿಯಲಾಗಿದೆ’ ಎಂದು ಕೆಂಪಕ್ಷರ. ನಾನು ಮತ್ತೆ ಹೊಡೆದೆ. ಮತ್ತೆ ಕೆಂಪು.

“ಏನಂತೆ?” ಎಂದಳು ಟೈಲರಮ್ಮ.

“ನಿಮ್ಮನ್ನ ನಿಲ್ಸಿದಾರಂತೆ.”

“ನನ್ನನ್ನಾ? ಯಾಕೆ? ಏನು ತಪ್ಪು ಮಾಡ್ದೆ ನಾನು?”

ಗಂಟನ್ನು ಮೂಲೆಯಲ್ಲಿ ಇರಿಸಿ, ಆಕೆಯನ್ನು ಕರೆದುಕೊಂಡು ಮೂರನೇ ಮಹಡಿ ಹತ್ತಿದೆ. ಲಿಫ್ಟು ಎಂದಿನಂತೆ ಕೆಟ್ಟಿತ್ತು.

ಅಕ್ಕ ಪರದೆಯನ್ನು ನೋಡುತ್ತ ನೋಡುತ್ತ ಬಿಳಿಚಿಕೊಂಡಳು. ಹೊದಿಕೆಯವನು ಒಗೆದ ಹಳೆಯ ಹೊದಿಕೆಗಳಿಗೆ ಇಸ್ತ್ರಿ ಹೊಡೆದು ಹೊಸದೆಂದು ಕೊಟ್ಟು ಸಿಕ್ಕಿಬಿದ್ದಿದ್ದ. ಖರೀದಿ ಸಮಿತಿ ಹಿಂದಿನ ವಾರವಷ್ಟೇ ಅವನ ನಂಬರಿಗೆ ತಡೆ ಹಾಕಿತ್ತು. ಅದಕ್ಕೂ ಸ್ವಲ್ಪ ಮುಂಚೆ ಅಕ್ಕ ಟೈಲರಮ್ಮನ ನಂಬರನ್ನು ಅವನ ನಂಬರಿಗೆ ಸೇರಿಸಿದ್ದಳು. ಹೀಗಾಗಿ ಅವನಿಗೆ ಬಿದ್ದ ತಡೆ ಈಕೆಯ ಕುತ್ತಿಗೆಗೂ ಬಿತ್ತು. ಗೌನಿನ ಆರ್ಡರು ಅವನ ಹೆಸರಲ್ಲಿ ಕೂತಿತ್ತು. ಪುಣ್ಯಕ್ಕೆ ಟೈಲರಮ್ಮನ ಒಂದು ಬಿಲ್ಲೂ ಅವನ ಖಾತೆಗೆ ಪಾವತಿಯಾಗಿರಲಿಲ್ಲ.

“ಸೇರಿಸಿದ್ದು ನಾನೇ ಅಮ್ಮಾ” ಎಂದಳು ಅಕ್ಕ. ಸುತ್ತಿಬಳಸಲಿಲ್ಲ. “ಸಾಫ್ಟ್‌ವೇರ್ ಇದಕ್ಕೆ ಕಡಿಮೆ ಅಂಕ ಕೊಟ್ಟಿತ್ತು. ಬೇರೆ ಇರಬಹುದು ಅಂತ ಅದು. ಬಿಳಿಮುಗಿಲು, ಬೆಳ್ಮುಗಿಲು, ಮಾತು ಒಂದೇ ಅಲ್ವಾ, ಇದಕ್ಕೇನು ಕನ್ನಡ ಬರುತ್ತಾ ಅಂತ ನಾನು ಒಂದೇ ಮಾಡ್ಬಿಟ್ಟೆ. ಫೋನ್ ನಂಬರೂ ಒಂದೇ, ಬೀದೀನೂ ಒಂದೇ. ನಿಮ್ಮದು ಸಣ್ಣ ವ್ಯಾಪಾರ, ತೆರಿಗೆ ನಂಬರೇ ಇಲ್ಲ, ಆ ಜಾಗ ಖಾಲಿ. ಖಾಲಿ ಇದೆ ಅಂದ್ರೆ ಅವನದೇ ಇರುತ್ತೆ, ಬರೆಯೋದು ಬಿಟ್ಟಿದಾರೆ ಅಂದ್ಕೊಂಡೆ. ಬ್ಯಾಂಕ್ ಖಾತೆ ಬೇರೆ ಇತ್ತು. ಹಳೇ ಖಾತೆ ಇರಬೇಕು ಅಂದ್ಕೊಂಡೆ.”

ಖಾಲಿ ಇದ್ದದ್ದು ಖಾಲಿ ಅಷ್ಟೇ, ಅದು ಯಾರದ್ದೂ ಅಲ್ಲ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೇ ಅವಳು. ಆ ದಿನ ಪಟ್ಟಿಯ ಎಷ್ಟನೇ ಪುಟದಲ್ಲಿದ್ದಳೋ ಏನೋ, ತಲೆ ಮೊಸರುಗಡಿಗೆಯಾಗಿದ್ದಿರಬೇಕು.

ಟೈಲರಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. “ಅವನು ಯಾರು ಗೊತ್ತಾ ನಿಮಗೆ? ನನ್ನ ಗಂಡ. ಗಂಡ ಆಗಿದ್ದ. ಬಿಟ್ಟು ಬಂದು ಏಳು ವರ್ಷ ಆಯ್ತು. ಬಿಡೋಕೆ ನಾನು ಪಟ್ಟ ಪಾಡು ನನಗೇ ಗೊತ್ತು. ನೀವು ಇಲ್ಲಿ ಕೂತು ಒಂದು ಗುಂಡಿ ಒತ್ತಿ ಮತ್ತೆ ನಮ್ಮಿಬ್ಬರಿಗೂ ಮದುವೆ ಮಾಡಿಸಿಬಿಟ್ರಲ್ಲ ಅಕ್ಕಾ!”

ಪಕ್ಕದ ಮೇಜಿನವರು ಕಿಸಕ್ಕೆಂದರು. ನನಗೂ ನಗು ಬಂತು, ಟೈಲರಮ್ಮನ ಮುಖ ನೋಡಿ ನುಂಗಿಕೊಂಡೆ. ಆಕೆ ನಗಿಸಲು ಹೇಳಿದ್ದಲ್ಲ. ಕಣ್ಣು ತುಂಬಿತ್ತು. ಆಕೆಯ ಕೇಂದ್ರಕ್ಕೆ ನಮ್ಮ ಆಸ್ಪತ್ರೆ ಬಿಟ್ಟರೆ ಬೇರೆ ಗಿರಾಕಿಯಿಲ್ಲ. ತಿಂಗಳ ಕೊನೆಯೊಳಗೆ ತಡೆ ತೆಗೆಯದಿದ್ದರೆ ಖರೀದಿಯವರು ಗೌನಿನ ಕೆಲಸವನ್ನು ಬೇರೆಯವರಿಗೆ ಕೊಡುತ್ತಾರೆ. ಆಪರೇಷನ್ ಕೋಣೆ ಯಾರ ಜಗಳ ಬಗೆಹರಿಯಲಿ ಎಂದು ಕಾಯುತ್ತದೆ?

ಬಿಡಿಸುವುದು ದೊಡ್ಡ ವಿಷಯವಲ್ಲ ಎಂದುಕೊಂಡಿದ್ದೆ. ಆಕೆಯ ಹಳೆಯ ನಂಬರು ಅಳಿಸಿಹೋಗಿರಲಿಲ್ಲ, ಬೀಗ ಬಿದ್ದಿತ್ತಷ್ಟೇ. ಬೀಗ ತೆಗೆದು, ಕೈಕಂಬ ಕಿತ್ತು, ಆರ್ಡರನ್ನು ಅಲ್ಲಿ ರದ್ದು ಮಾಡಿ ಇಲ್ಲಿ ಹೊಸದಾಗಿ ಬರೆದರೆ ಮುಗಿಯಿತು. ಅಕ್ಕ ಅಂದೇ ಕಾಗದ ಸಿದ್ಧಮಾಡಿ ಹಣಕಾಸಿನ ಸಾಹೇಬರ ಕೋಣೆಗೆ ಹೋದಳು. ನಾನೂ ಬಾಲದಂತೆ ಹಿಂದೆ ಹೋದೆ.

ಸಾಹೇಬರು ಕೆಟ್ಟವರಲ್ಲ. ಆದರೆ ಹಾಲನ್ನು ಕುಡಿಯುವ ಮುಂಚೆ ಮೂರು ಸಲ ಮೂಸುವ ಜಾತಿ. ಕಾಗದ ಓದಿ ಕೆಳಗಿಟ್ಟರು.

“ತಡೆ ಹಾಕಿಸ್ಕೊಂಡವನು ಹೆಂಡತಿ ಹೆಸರಲ್ಲಿ ಹಿಂದಿನ ಬಾಗಿಲಿಂದ ಬರೋದು ನಾನು ಎಷ್ಟು ನೋಡಿಲ್ಲ! ಅದೇ ಹೆಸರು, ಅದೇ ಬೀದಿ, ಅದೇ ಫೋನು. ನೀವೇ ಹೇಳಿ, ನೀವು ನನ್ನ ಜಾಗದಲ್ಲಿದ್ರೆ ಬಿಡಿಸ್ತಿದ್ರಾ?”

“ಬಿಡಿಸ್ತಿರಲಿಲ್ಲ ಸಾರ್. ನಾನೂ ಅದಕ್ಕೇ ಸೇರಿಸಿದ್ದು” ಎಂದಳು ಅಕ್ಕ.

ಅಯ್ಯೋ, ಈಕೆಗೆ ಬಾಯಿಗೆ ಬೀಗ ಹಾಕಲು ಬರುವುದಿಲ್ಲವಲ್ಲ ಎಂದು ನಾನು ತಲೆ ಚಚ್ಚಿಕೊಂಡೆ. ಆದರೆ ಸಾಹೇಬರು ಆ ಮಾತಿಗೇ ಸ್ವಲ್ಪ ಸಡಿಲಾದರು. ಹೋಗಿ ಕಣ್ಣಾರೆ ನೋಡಿ ಬನ್ನಿ, ಬ್ಯಾಂಕಿನ ಪತ್ರ ಆಕೆಯದೇ ಇರಲಿ, ಬೇರೆಯಾದ ಕಾಗದ ಇರಲಿ, ಫೋನು ಬೇರೆ ಇರಲಿ, ಎಂದರು. ಕೊನೆಗೆ ಕನ್ನಡಕ ತೆಗೆದು ಒಂದು ಮಾತು ಸೇರಿಸಿದರು. “ಹೆಸರೂ ಬೇರೆ ಇರಲಿ. ಕೇಳೋಕೆ ಒಂದೇ ಥರ ಇರೋ ಎರಡು ಹೆಸರು, ಅದರಲ್ಲಿ ಒಂದು ತಡೆ ಬಿದ್ದಿರೋದು, ಇಂಥದನ್ನ ನನ್ನ ಮಾಸ್ಟರಲ್ಲಿ ಇಟ್ಕೊಳಲ್ಲ. ನಾಳೆ ನೀವು ರಜ ಹಾಕಿದ ದಿನ ಇನ್ನೊಬ್ಬರು ಬಂದು ಮತ್ತೆ ಸೇರಿಸ್ತಾರೆ.”

ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನೋಡಿಬರಲು ನಾನು ಮತ್ತು ಅಕ್ಕ ಬಸ್ಸಿನಲ್ಲಿ ಹೋದೆವು. ಬೀದಿಯ ಬಾಯಲ್ಲೇ ಆ ಹೊದಿಕೆಯವನ ಅಂಗಡಿ. ನೀಲಿ ಬೋರ್ಡು, ಗಾಜಿನ ಬಾಗಿಲು, ಒಳಗೆ ಒಬ್ಬ ಫೋನು ನೋಡುತ್ತ ಕೂತಿದ್ದ. ಅದನ್ನು ದಾಟಿ, ಸೈಕಲ್ ರಿಪೇರಿಯವನ ಪಕ್ಕದ ಸಂದಿಯಲ್ಲಿ ಮೆಟ್ಟಿಲು ಹತ್ತಿದರೆ ಟೈಲರಮ್ಮನ ಕೇಂದ್ರ. ಒಂದೇ ಕೋಣೆ. ಮೂರು ಮಿಷನ್ನು, ಕತ್ತರಿಸಲು ಒಂದು ಉದ್ದ ಹಲಗೆ, ಗೋಡೆಗೆ ಹಸಿರು ಬಟ್ಟೆಯ ಥಾನುಗಳು. ಇಬ್ಬರು ಹೆಂಗಸರು ಕೆಲಸವಿಲ್ಲದೆ ಸುಮ್ಮನೆ ಕೂತಿದ್ದರು. ಒಬ್ಬಾಕೆ ಚಿಂದಿಯ ಮೇಲೆ ಹೊಲಿಗೆ ಹಾಕುವುದು, ಬಿಚ್ಚುವುದು ಮಾಡುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತರು. ಯಾರಿಗೆ ಯಾರು ಎದ್ದು ನಿಲ್ಲಬೇಕು, ಹೇಳಿ! ನನಗೆ ನಾಚಿಕೆಯಾಯಿತು.

ಅಕ್ಕ ಒಂದೊಂದನ್ನೇ ಕೇಳಿ ಕೇಳಿ ಬರೆದುಕೊಂಡಳು. ಬ್ಯಾಂಕಿನ ಪತ್ರ ಆಕೆಯ ಹೆಸರಲ್ಲೇ ಇತ್ತು. ಬೇರೆಯಾದ ಕಾಗದವನ್ನು ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ ಹಾಕಿ ಇಟ್ಟಿದ್ದಳು. ಫೋನಿನ ಗುಟ್ಟೂ ಬಿಚ್ಚಿಕೊಂಡಿತು: ಹಳೆಯ ಫೋನು ಆಕೆಯ ಪಾಲಿಗೆ ಬಂದಿತ್ತು, ಗಂಡ ತನ್ನ ಬಿಲ್ಲಿನ ಮೇಲೆ ಅಚ್ಚಾದ ನಂಬರನ್ನು ಬದಲಿಸುವ ಗೋಜಿಗೇ ಹೋಗಿರಲಿಲ್ಲ. “ಅವನನ್ನ ಕೇಳ್ಕೊಂಡು ಇವತ್ತಿಗೂ ಜನ ನನಗೇ ಫೋನ್ ಮಾಡ್ತಾರೆ. ಆ ನಂಬರು ನಾನೇ ಬಿಟ್ಟು ಬೇರೆ ತಗೋತೀನಿ, ಬರ್ಕೊಳಿ” ಎಂದಳು.

ಕೊನೆಗೆ ಹೆಸರಿನ ಮಾತು ಬಂತು. ಅಕ್ಕ ಸಾಹೇಬರ ಮಾತನ್ನು ಇದ್ದಹಾಗೆ ಹೇಳಿದಳು.

ಟೈಲರಮ್ಮ ತಟ್ಟನೆ ಎದ್ದಳು. “ಅದೊಂದು ಆಗಲ್ಲ. ಆ ಹೆಸರು ಇಟ್ಟವಳು ನಾನು. ಮದುವೆ ಆದ ಹೊಸದರಲ್ಲಿ ಮೊದಲನೇ ಸಲ ಹೊದಿಕೆ ಹೊಲಿದು, ಒಗೆದು, ಮಾಳಿಗೆ ಮೇಲೆ ಒಣಹಾಕಿದ್ವಿ. ಗಾಳಿಗೆ ಎಲ್ಲ ಉಬ್ಬಿಕೊಂಡು ನಿಂತವು. ಬಿಳಿಮುಗಿಲು ಥರ ಇದೆ ಅಲ್ವಾ ಅಂದೆ. ಅಂಗಡಿಗೂ ಅದೇ ಹೆಸರಾಯ್ತು. ಬೋರ್ಡು ಬರೆಯೋನು ಅಕ್ಷರ ಲೆಕ್ಕದಲ್ಲಿ ದುಡ್ಡು ಕೇಳ್ದ ಅಂತ ಇವನು ಬೆಳ್ಮುಗಿಲು ಮಾಡಿಸ್ದ. ಒಂದಕ್ಷರ ಉಳಿಸ್ದ ಮಹಾರಾಯ! ನಾನು ಯಾವತ್ತೂ ಹಾಗೆ ಬರೀಲಿಲ್ಲ. ಬಿಟ್ಟು ಬರುವಾಗ ಮಿಷನ್ ಅವನೇ ಇಟ್ಕೊಂಡ, ಗಿರಾಕಿ ಅವನೇ ಇಟ್ಕೊಂಡ. ನಾನು ತಂದದ್ದು ಆ ಹೆಸರು, ನಾನು ಬರೀತಿದ್ದ ಹಾಗೆ. ತಪ್ಪು ಮಾಡಿದವನು ಅವನು, ಹೆಸರು ಬಿಡಬೇಕಾದವಳು ನಾನಾ?”

ನನಗೆ ರೇಗಿಹೋಯಿತು. “ಯಾಕೆ ಬಿಡಬೇಕು? ಬಿಡಬೇಡಿ! ಸಾಹೇಬರಿಗೆ ನಾನು ಹೇಳ್ತೀನಿ” ಎಂದು ಎಗರಾಡಿದೆ. ಅಕ್ಕ ನನ್ನತ್ತ ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು. ಹೌದು, ನಾನು ಹೇಳಿದರೆ ಕೇಳುವವರು ಯಾರು? ಎಗರಾಡಿ ಮನೆಗೆ ಹೋಗುವವನು ನಾನು, ಖಾಲಿ ಮಿಷನ್ನಿನ ಮುಂದೆ ಕೂರುವವರು ಇವರು.

ಅಕ್ಕ ಟೈಲರಮ್ಮನನ್ನು ಹಲಗೆಯ ತುದಿಯಲ್ಲಿ ಕೂರಿಸಿ ತಾನೂ ಕೂತಳು. ಬೆನ್ನು ನೋವಿಗೆ ಅವಳಿಗೆ ಬಾಗಲು ಆಗುತ್ತಿರಲಿಲ್ಲ.

“ಅಮ್ಮಾ, ನಾನು ಹೇಳೋದು ಕೇಳಿ. ಹೊಸ ಹೆಸರಿಗೆ ಹೊಸ ನಂಬರು ಮಾಡಿಸ್ಬೇಡಿ. ಯಾರಾದ್ರೂ ಹಾಗೆ ಮಾಡಿ ಅಂದ್ರೂ ಒಪ್ಪಬೇಡಿ. ಹೊಸ ನಂಬರು ಅಂದ್ರೆ ನೀವು ನಿನ್ನೆ ಮೊನ್ನೆ ಬಂದವರು. ನಿಮ್ಮ ಹಳೇ ನಂಬರಲ್ಲೇ ಹೆಸರು ಮಾತ್ರ ಬದಲಾಯಿಸೋಣ. ಹೆಸರು ಬದಲಾಗಿದೆ ಅಂತ ಒಂದು ಕಾಗದ ಸಾಕು. ಇಷ್ಟು ವರ್ಷ ನೀವು ತಂದುಕೊಟ್ಟ ಒಂದೊಂದು ಗೌನೂ ಆ ನಂಬರಲ್ಲಿದೆ. ಒಂದು ದೂರಿಲ್ಲ, ಒಂದು ವಾಪಸಿಲ್ಲ. ಅದನ್ನ ಅವನು ತನ್ನದು ಅನ್ನೋಕೆ ಸಾಧ್ಯ ಇಲ್ಲ. ಕಂಪ್ಯೂಟರಿಗೆ ನೀವು ಅಂದ್ರೆ ಹೆಸರಲ್ಲ ಅಮ್ಮಾ, ಆ ನಂಬರು.”

“ಕಂಪ್ಯೂಟರಿಗೆ ಸರಿ. ನನಗೆ?” ಎಂದಳು ಟೈಲರಮ್ಮ.

ಅಕ್ಕ “ನನ್ನಿಂದ ತಪ್ಪಾಯ್ತು” ಎಂದಷ್ಟೇ ಹೇಳಿ ಆಕೆಯ ಕೈ ಹಿಡಿದುಕೊಂಡಳು. ಮಿಷನ್ನಿನ ಹೆಂಗಸರು ಇಬ್ಬರೂ ಟೈಲರಮ್ಮನ ಬಾಯಿಯನ್ನೇ ನೋಡುತ್ತಿದ್ದರು. ಆಕೆ ಅವರನ್ನೊಮ್ಮೆ ನೋಡಿದಳು. ನಿರ್ಧಾರ ಆದದ್ದು ಅಲ್ಲಿ ಎಂದು ನನ್ನ ಅಂದಾಜು.

“ಸರಿ, ಏನಂತ ಇಡ್ಲಿ?” ಎಂದಳು, ಸೋತ ದನಿಯಲ್ಲಿ. “ಅರಿವೆಮನೆ ಅಂತ ಇಡ್ಲಾ?”

ಅಕ್ಕನ ಕಸುಬು ಎದ್ದು ನಿಂತಿತು. “ಬೇಡ ಅಮ್ಮಾ. ಅರಿವೆ, ಅರವೆ, ಅರುವೆ, ಮೂರು ಥರ ಬರೀತಾರೆ. ಮಧ್ಯ ಜಾಗ ಬಿಡೋರು ಬಿಡ್ತಾರೆ, ಬಿಡದೇ ಇರೋರು ಬಿಡಲ್ಲ. ನನ್ನ ಜೀವ ತೆಗೀತಾರೆ.”

“ಹಾಗಾದ್ರೆ ಗುಂಡಿ?”

“ಗುಂಡಿಗೆ ಬಿದ್ವಿ ಅಂತ ಆಡ್ಕೋತಾರೆ ಜನ” ಎಂದೆ ನಾನು. ಮಿಷನ್ನಿನ ಹೆಂಗಸೊಬ್ಬಳು ನಕ್ಕಳು. ಟೈಲರಮ್ಮನೂ ಮೂಗು ಒರೆಸಿಕೊಂಡು ಸ್ವಲ್ಪ ನಕ್ಕಳು. ಕೊನೆಗೆ ಆಕೆಯೇ ಹಲಗೆಯ ಮೇಲಿದ್ದ ಉಂಡೆಯನ್ನು ಎತ್ತಿ ಹಿಡಿದಳು. “ದಾರ. ಎರಡೇ ಅಕ್ಷರ. ಇದನ್ನ ಹೇಗೆ ತಪ್ಪು ಬರೀತಾರೋ ಬರೀಲಿ.”

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಹೋದಳು ಎಂದುಕೊಂಡಿದ್ದೆ.

“ಇಷ್ಟು ವರ್ಷದಲ್ಲಿ ಹೀಗೆ ಇನ್ನೂ ಎಷ್ಟು ಜನರನ್ನ ಸೇರಿಸಿದ್ದೀನೋ ಸ್ಟೋರಪ್ಪಾ” ಎಂದಳು ಕಣ್ಣು ತೆರೆಯದೆ. “ಇವಳು ಮೆಟ್ಟಿಲು ಹತ್ತಿ ಬಂದಳು. ಬರದೇ ಇದ್ದವರು?”

“ಎಲ್ಲ ತಲೆಗೆ ಹಚ್ಕೋಬೇಡ ಅಕ್ಕಾ” ಎಂದೆ. ಬೇರೆ ಏನು ಹೇಳಲಿ? ಅವಳ ಕಾಲು ಊದಿಕೊಂಡಿತ್ತು. ಚಪ್ಪಲಿಯ ಪಟ್ಟಿ ಸಡಿಲಿಸಿ ಕೂತಿದ್ದಳು. ಅವಳ ಮನೆಯ ನಿಲ್ದಾಣ ಬಂದಾಗ ಮತ್ತೆ ಬಿಗಿದುಕೊಂಡು, ಕಂಬಿ ಹಿಡಿದು ನಿಧಾನವಾಗಿ ಇಳಿದಳು. ಕೆಳಗೆ ಅವಳ ಗಂಡ ಊರುಗೋಲು ಹಿಡಿದು ಕಾಯುತ್ತಿದ್ದ. ಅವಳ ಚೀಲ ಅವನು ತೆಗೆದುಕೊಂಡ, ಅವನ ತೋಳು ಅವಳು ಹಿಡಿದಳು.

ಸಾಹೇಬರು ಕಾಗದಗಳನ್ನೆಲ್ಲ ಮೂಸಿ ನೋಡಿ ಒಪ್ಪಿದರು. ಹಿರಿಯ ಲೆಕ್ಕಿಗರು ಈ ಸಲ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಗುಂಡಿ ಒತ್ತಿದರು. ಬೀಗ ತೆರೆಯಿತು. ಹಳೆಯ ನಂಬರು, ಹೊಸ ಹೆಸರು: ‘ದಾರ ಹೊಲಿಗೆ ಕೇಂದ್ರ’. ತಿಂಗಳು ಮುಗಿಯುವ ಮುಂಚೆ ಆರ್ಡರು ಆಕೆಯ ನಂಬರಿಗೆ ಬಂತು, ಮೂಲೆಯ ಗಂಟನ್ನು ನಾನು ಒಳಗೆ ತೆಗೆದುಕೊಂಡೆ. ಸಾಹೇಬರು ಜೊತೆಗೊಂದು ಆದೇಶವನ್ನೂ ಹೊರಡಿಸಿದರು. ಬಿಳಿಮುಗಿಲು, ಬೆಳ್ಮುಗಿಲು, ಹೇಗೇ ಬರೆದಿರಲಿ, ಆ ಹೆಸರಿನ ಬಿಲ್ಲು ಬಂದರೆ ತೆಗೆದುಕೊಳ್ಳದೆ ಹಿಂದಿರುಗಿಸಬೇಕು. ಅಕ್ಕ ಅದನ್ನು ತಾನೇ ಮಾಸ್ಟರಿನಲ್ಲಿ ಬರೆದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ನನ್ನ ಹತ್ತಿರ ಒಮ್ಮೆ ಹೇಳಿದಳು.

ಆಮೇಲೆ ಆ ಗಂಟಿನ ಬಿಲ್ಲು ಬಂತು. ನಾನು ಬೇರೆ ಕೆಲಸಕ್ಕೆಂದು ಮೇಲೆ ಹೋಗಿದ್ದೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದಳು. ಹೊಸ ಬಿಲ್ ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ, ಟೈಲರಮ್ಮ ಅಂಗಡಿಯಲ್ಲಿ ಸಿಗುವ ಖಾಲಿ ಬಿಲ್ಲಿನ ಮೇಲೆ ಕೈಯಲ್ಲೇ ಬರೆದಿದ್ದಳು. ನಂಬರು ಸರಿಯಿತ್ತು. ಗೌನಿನ ಲೆಕ್ಕ ಸರಿಯಿತ್ತು. ನೆತ್ತಿಯ ಮೇಲೆ ದುಂಡಗೆ, ಅಂದವಾಗಿ ‘ಬಿಳಿಮುಗಿಲು’ ಎಂದಿತ್ತು.

“ಕಾಣಲಿಲ್ಲ ಅಂತ ಮಾಡ್ಕೋ ಅಕ್ಕಾ” ಎಂದೆ.

“ಮತ್ತೆ ಅದೇ ಮಾಡ್ಲಾ?” ಎಂದು ಫೋನೆತ್ತಿಕೊಂಡಳು.

ಆ ಕಡೆಯಿಂದ ಟೈಲರಮ್ಮ, “ಕೈ ತಾನಾಗೇ ಬರೀತು ಅಕ್ಕಾ. ನಾನು ನೋಡ್ಲೇ ಇಲ್ಲ” ಎಂದಳಂತೆ.

“ಬರೀತದೆ ಅಮ್ಮಾ. ಇನ್ನೊಂದು ಬರ್ಕೊಂಡು ಬನ್ನಿ, ಬಂದ ತಕ್ಷಣ ತಗೋತೀನಿ.”

ಟೈಲರಮ್ಮ ಮಧ್ಯಾಹ್ನ ತಾನೇ ಬಂದಳು. ಹೊಸ ಬಿಲ್ಲು ಕೊಟ್ಟಳು. ಅದರಲ್ಲಿ ‘ದಾರ’ ಎನ್ನುವ ಎರಡಕ್ಷರವನ್ನು ಮಗು ಬರೆದಂತೆ ಒತ್ತಿ ಒತ್ತಿ ಬರೆದಿದ್ದಳು. ಅಕ್ಕ ಅದನ್ನು ತೆಗೆದುಕೊಂಡು, ಹಳೆಯದರ ಕೆಳಗೆ ‘ಹಿಂದಿರುಗಿಸಿದೆ’ ಎಂದು ಮೊಹರು ಒತ್ತಿ, ಆಕೆಯ ಕೈಗೆ ಕೊಟ್ಟಳು. ಹಿಂದಿರುಗಿಸಿದ ಬಿಲ್ಲು ಕೊಟ್ಟವರಿಗೇ ಸೇರಬೇಕು.

ಟೈಲರಮ್ಮ ಅದನ್ನು ಹರಿಯಲಿಲ್ಲ, ಮಡಚಲೂ ಇಲ್ಲ. ಎರಡೂ ಕೈಯಲ್ಲಿ ಹಿಡಿದು ನೋಡುತ್ತ ನಿಂತಳು.

“ನನ್ನ ಅಕ್ಷರ ಚೆನ್ನಾಗಿದೆ ಅಲ್ವಾ ಅಕ್ಕಾ?”

ಅಕ್ಕ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ ಹತ್ತಿರದಿಂದ ನೋಡಿದಳು. ಆ ಹೆಸರನ್ನು ಎಷ್ಟು ಸಲ ಬರೀ ತಾಳೆ ಹಾಕಲೆಂದು ನೋಡಿದ್ದಳೋ, ಈಗ ಓದಿದಳು.

“ಚೆನ್ನಾಗಿದೆ ಕಣಮ್ಮ” ಎಂದಳು. “ತುಂಬ ಚೆನ್ನಾಗಿದೆ.”